‘ಬಿಳಿ ಹೋಯ್ತದೆ’ ಅಂದರೆ ಚೀಟಿಯಲ್ಲಿ ಏನು ಬರೆಯಬೇಕು?

“ಬಿಳಿ ಹೋಯ್ತದೆ ಡಾಕ್ಟ್ರಮ್ಮ. ಮೈಯೆಲ್ಲ ಉಷ್ಣ. ಸೊಂಟ ಬಿದ್ದೋದಂಗಾಯ್ತದೆ, ಏನ್ ಮಾಡಕ್ಕೂ ಕೈಲಾಗಲ್ಲ.” ಹೇಳುವಾಕೆ ನಲವತ್ತರ ಆಸುಪಾಸಿನ ಹೆಂಗಸು, ಹಳೇ ಮೈಸೂರು ಕಡೆಯವಳು. ಕೇಳುವ ವೈದ್ಯೆ ಹೊರರಾಜ್ಯದಿಂದ ಬಂದವರು, ಕನ್ನಡವನ್ನು ಈಗಷ್ಟೇ ಕಲಿಯುತ್ತಿದ್ದಾರೆ. ಇಬ್ಬರ ನಡುವೆ ಕೂತು ಮಾತು ದಾಟಿಸುವುದು ನನ್ನಂಥವರ ಕೆಲಸ.

ಅವಸರದಲ್ಲಿ ಬಾಯಿಗೆ ಬರುವ ಅನುವಾದ ಹೀಗಿರುತ್ತದೆ: ಯೋನಿಸ್ರಾವ, ಜ್ವರ, ಬೆನ್ನುನೋವು, ಸುಸ್ತು. ಇದರಲ್ಲಿ ಜ್ವರವಂತೂ ಶುದ್ಧ ತಪ್ಪು. ಥರ್ಮಾಮೀಟರಿನಲ್ಲಿ ಏನೂ ಏರದಿದ್ದರೂ ಮೈಗೆ ಉಷ್ಣವಾಗಬಹುದು. ಕಣ್ಣುರಿ, ಉರಿಮೂತ್ರ, ಅಂಗಾಲಿನ ಉರಿ, ಬಾಯಿಹುಣ್ಣು, ನಿದ್ದೆಗೇಡು ಎಲ್ಲವೂ ಆ ಒಂದು ಮಾತಿನೊಳಗೆ ಸೇರಿಕೊಂಡಿರುತ್ತವೆ.

ಯೋನಿಸ್ರಾವ ಎಂಬುದು ಸುಳ್ಳಲ್ಲ. ಆದರೆ ಆ ಪದ ಚೀಟಿಗೆ ಬಿದ್ದ ಕೂಡಲೇ ಚಿಕಿತ್ಸೆಯ ದಾರಿಯೂ ಗೊತ್ತಾಗಿಬಿಡುತ್ತದೆ. ಲ್ಯಾಬ್ ವರದಿಗೆ ಕಾಯದೆ ಲಕ್ಷಣ ನೋಡಿಯೇ ಔಷಧ ಕೊಡುವ ಪದ್ಧತಿ ನಮ್ಮ ಸರ್ಕಾರಿ ಲೈಂಗಿಕ ಆರೋಗ್ಯ ಕಾರ್ಯಕ್ರಮದಲ್ಲಿದೆ. ಅದಕ್ಕೆ ಬಣ್ಣಬಣ್ಣದ ಕಿಟ್‌ಗಳಿವೆ. ಯೋನಿಸ್ರಾವಕ್ಕೆ ಹಸಿರು ಕಿಟ್: ಸೆಕ್ನಿಡಜೋಲ್ 2 ಗ್ರಾಂ, ಫ್ಲುಕೋನಜೋಲ್ 150 ಮಿಲಿಗ್ರಾಂ. ಪರೀಕ್ಷೆಗೆ ಅನುಕೂಲವಿಲ್ಲದ ಕಡೆ ಇದು ಜಾಣ ಏರ್ಪಾಡೇ ಸರಿ. ಆದರೆ ಸೋಂಕಿನ ಲಕ್ಷಣವೇ ಇಲ್ಲದವಳ ಮಾತು ಅನುವಾದದಲ್ಲಿ ಸೋಂಕಾಗಿ ಮಾರ್ಪಟ್ಟರೆ ಆಕೆ ಕಿಟ್ ಮುಗಿಸಿ, ತಿಂಗಳೊಪ್ಪತ್ತಿನಲ್ಲಿ ಅದೇ ದೂರು ಹೊತ್ತು ಮತ್ತೆ ಬರುತ್ತಾಳೆ. ಕೆಲವರಿಗಂತೂ ಗಂಡನ ಮೇಲೆ ಅನುಮಾನವೂ ಹುಟ್ಟಿರುತ್ತದೆ.

ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ಸುಮಾರು 2,500 ಮಹಿಳೆಯರ ಸಮೀಕ್ಷೆ ನಡೆಸಿ, 2005ರಲ್ಲಿ ಪ್ರಕಟಿಸಿದರು. ಬಿಳಿ ಹೋಗುತ್ತದೆ ಎಂದವರಲ್ಲಿ ಮೂರನೇ ಒಂದಕ್ಕಿಂತ ತುಸು ಹೆಚ್ಚು ಮಂದಿ ಚಿಂತೆಯನ್ನೂ ಹೆಚ್ಚುಕಡಿಮೆ ಅಷ್ಟೇ ಮಂದಿ ಮೈಯುಷ್ಣವನ್ನೂ ಕಾರಣವೆಂದರು. ಈ ದೂರಿಗೆ ಸೋಂಕಿಗಿಂತ ಮನೋವ್ಯಥೆಯ ನಂಟೇ ಬಲವಾಗಿತ್ತು. ಅದಕ್ಕೂ ಮೊದಲೇ, 1981ರಲ್ಲಿ, ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ನಮ್ಮ ದಕ್ಷಿಣ ಕನ್ನಡದ ಹವ್ಯಕ ಹೆಂಗಸರ ನಡುವೆ ಕೆಲಸ ಮಾಡಿ, ಬಾಯಿಬಿಟ್ಟು ಹೇಳಲಾಗದ ಸಂಕಟ ದೇಹದ ದೂರುಗಳ ಮೂಲಕ ಹೊರಬರುವ ಬಗೆಯನ್ನು ಬರೆದಿದ್ದರು.

ಹಾಗೆಂದು ‘ಇದೆಲ್ಲ ಮನಸ್ಸಿನದು’ ಎಂದು ದಾಟಿಸುವುದೂ ಅಷ್ಟೇ ಕೆಟ್ಟ ಅನುವಾದ. ರಾಣಿ ಬಂಗ್ ಮತ್ತು ಅಭಯ್ ಬಂಗ್ 1989ರಲ್ಲಿ ಗಡಚಿರೋಲಿಯ ಹಳ್ಳಿಗಳಿಂದ ವರದಿ ಮಾಡಿದ್ದು, ಚಿಕಿತ್ಸೆ ಕಾಣದೆ ಉಳಿದ ಸ್ತ್ರೀರೋಗಗಳ ದೊಡ್ಡ ಹೊರೆಯನ್ನು.

ಆಯುರ್ವೇದದ ಪದ ಬಳಸಿದರೆ ಸರಿಹೋಗುತ್ತದೆ ಎಂದುಕೊಳ್ಳುವವರಿದ್ದಾರೆ. ಇಲ್ಲೊಂದು ತಮಾಷೆ ಇದೆ. ಆಕೆ ಬಿಳಿಗೆ ಉಷ್ಣವೇ ಕಾರಣ ಎನ್ನುತ್ತಾಳೆ, ಎಳನೀರು ಕುಡಿಯುತ್ತಾಳೆ. ವೈದ್ಯರು ಶ್ವೇತಪ್ರದರವನ್ನು ಸಾಮಾನ್ಯವಾಗಿ ಕಫದ ಲೆಕ್ಕಕ್ಕೆ ಹಾಕುತ್ತಾರೆ, ಕಫವೋ ತಂಪಿನ ಗುಣದ್ದು. ಅಂದರೆ ಜನರ ಮಾತು ಮತ್ತು ಶಾಸ್ತ್ರದ ಮಾತುಗಳೇ ಒಂದಕ್ಕೊಂದು ಹೊಂದುವುದಿಲ್ಲ. ಅಲೋಪಥಿಯ ಪದ ಮೂರನೆಯದು. ಬಿಳಿಯ ಜೊತೆ ಧಾತು ಕರಗಿ ಹೋಗುತ್ತದೆ, ಮೂಳೆ ಸವೆಯುತ್ತದೆ ಎಂಬ ಭಯವನ್ನು ‘ನಿಶ್ಶಕ್ತಿ’ ಎಂದು ಬರೆದರೆ ಭಯವೇ ಬಿಟ್ಟುಹೋಗುತ್ತದೆ.

ಹಾಗಾಗಿ ನಾನು ರೋಗದ ಹೆಸರು ಹೇಳುವುದನ್ನು ಬಿಟ್ಟು, ರೋಗಿಯ ಪದವನ್ನು ಹಾಗೇ ಉಳಿಸಿಕೊಂಡು, ಅದರ ಮುಂದೆ ಕೇಳಿ ತಿಳಿದದ್ದನ್ನಷ್ಟೇ ಸೇರಿಸುತ್ತೇನೆ. ಬಣ್ಣ ಏನು, ವಾಸನೆ ಇದೆಯೇ, ತುರಿಕೆ ಇದೆಯೇ? ಮುಟ್ಟಿನ ನಡುವೆ ಲೋಳೆಯಂತೆ ಬಂದು ನಿಂತುಹೋಗುತ್ತದೆಯೇ? ಹಾಗಿದ್ದರೆ ಅದು ಸಹಜವೇ ಇರಬಹುದು. ಮೊಸರು ಒಡೆದಂತಿದ್ದು ತುರಿಸಿದರೆ ಫಂಗಸ್, ಮೀನಿನ ವಾಸನೆ ಇದ್ದರೆ ಬ್ಯಾಕ್ಟೀರಿಯಾದ ಏರುಪೇರು ಎಂಬ ಶಂಕೆ ವೈದ್ಯೆಗೆ ಬರುತ್ತದೆ, ಬರಬೇಕಾದ್ದೂ ಅವರಿಗೇ. ದುರ್ವಾಸನೆಯ ಜೊತೆ ರಕ್ತ ಕಂಡರೆ, ಅದರಲ್ಲೂ ಮುಟ್ಟು ನಿಂತವರಲ್ಲಿ, ನಾನು ವಾಕ್ಯ ಮುಗಿಯಲು ಕಾಯುವುದಿಲ್ಲ. ಮೊದಲು ಅದನ್ನೇ ಹೇಳುತ್ತೇನೆ, ಗರ್ಭಕಂಠದ ಕ್ಯಾನ್ಸರ್ ಇರಬಹುದಲ್ಲ.

ಆ ಹೆಂಗಸಿನ ಚೀಟಿಗೆ ಕೊನೆಗೆ ಹೋದದ್ದು ಹೀಗೆ: ‘ಬಿಳಿ’ ಎನ್ನುತ್ತಾರೆ, ನೀರಿನಂಥದು, ವಾಸನೆ, ತುರಿಕೆ, ರಕ್ತ ಇಲ್ಲ, ಕೆಳಹೊಟ್ಟೆ ನೋವಿಲ್ಲ. ‘ಉಷ್ಣ’ ಎನ್ನುತ್ತಾರೆ, ಅಂಗೈ ಅಂಗಾಲು ಉರಿ, ಜ್ವರವಿಲ್ಲ. ಕೈಲಾಗದ್ದಕ್ಕೆ ಕಾರಣ ಅವರ ಪ್ರಕಾರ ಧಾತು ಕರಗುವುದು. ಮೂಳೆ ಸವೆಯುತ್ತಿದೆ ಎಂದು ಹೆದರಿದ್ದಾರೆ.

ವೈದ್ಯೆ ಪರೀಕ್ಷೆ ಮಾಡಿದರು, ಸೋಂಕಿನ ಗುರುತು ಕಾಣಲಿಲ್ಲ. ಹಿಮೋಗ್ಲೋಬಿನ್ ಪರೀಕ್ಷೆಗೆ ಬರೆದರು. ಆಮೇಲೆ, ಹಸಿರು ಕಿಟ್ ಪಕ್ಕಕ್ಕಿಟ್ಟು, “ಈ ಉಷ್ಣ ಯಾವಾಗಿಂದ ಶುರುವಾಯ್ತು ಅಂತ ಕೇಳಿ” ಎಂದರು. ಆಕೆ ಮಗಳ ಮದುವೆಗೆ ಮಾಡಿದ ಸಾಲದಿಂದ ಹೇಳಲು ಶುರುಮಾಡಿದಳು.