ಧ್ವನಿಯಿಂದ ಬರಹಕ್ಕೆ: ಒಂದು ಚಾಪೆಯ ವಿವರಣೆ

ಕಾಸರಗೋಡಿನ ವೃದ್ಧ ಚಾಪೆಗಾರ್ತಿಯೊಬ್ಬರು ಮಾರಾಟದ ಪಟ್ಟಿಗಾಗಿ ಹೀಗೆ ಧ್ವನಿಸಂದೇಶ ಕಳುಹಿಸಿದರೆಂದು ಭಾವಿಸೋಣ: “ಇದು ಓಲೆ ಚಾಪೆ ಮಗಾ. ನಮ್ಮಮ್ಮ ಕಲಿಸಿದ್ದು. ಐದು ಮೊಳ ಉಂಟು... ಅಲ್ಲ, ಅದು ಮೊನ್ನೆಯದ್ದು, ಇದು ನಾಲ್ಕು. ಮುಳ್ಳು ತೆಗೆದು, ಬೇಯಿಸಿ, ಒಣಗಿಸಿ ನೇಯುವುದು. ಎಷ್ಟು ವರ್ಷವಾದರೂ ಹಾಳಾಗುವುದಿಲ್ಲ.”

ಮಾತು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಆದ್ದರಿಂದ ನಾಲ್ಕು ಮೊಳವೇ ಗ್ರಾಹ್ಯ. ಆದರೆ ಮೊಳವೆಂಬುದು ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಅಳತೆ. ಕೈಯಿಂದ ಕೈಗೆ ಅದು ಬದಲಾಗುತ್ತದೆ. ಮೊಳಕ್ಕೆ 18 ಅಂಗುಲದಂತೆ ಲೆಕ್ಕ ಹಾಕಿದರೆ 6 ಅಡಿ ಬರುತ್ತದೆ. ಟೇಪು ಹಿಡಿದರೆ 5½ ಅಡಿಯೇ ಇರಬಹುದು. ಲೆಕ್ಕವನ್ನೇ ಬರೆದರೆ ಚಾಪೆ ಹಿಂದಿರುಗುತ್ತದೆ, ನಷ್ಟ ನೇಯ್ದವರದು. ಸಂದೇಶದಲ್ಲಿಲ್ಲದ ಅಗಲವನ್ನೂ ಅಳೆದೇ ಬರೆಯಬೇಕು.

‘ಓಲೆ’ ಎಂದೊಡನೆ ಓದುಗರಿಗೆ ತೆಂಗು, ತಾಳೆಗಳು ನೆನಪಾಗುತ್ತವೆ. ಮುಳ್ಳು ತೆಗೆಯುವ ಮಾತು ಕೇದಗೆ ಜಾತಿಯ ಗಿಡವನ್ನು ಸೂಚಿಸುತ್ತದೆ. ಸೂಚನೆ ಪ್ರಮಾಣವಲ್ಲ, ಅವರನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಬಾಳಿಕೆಯ ಮಾತು ಅಭಿಮಾನದ್ದು. ತೇವದಲ್ಲಿ ಓಲೆಗೆ ಬೂಸಲು ಹಿಡಿಯುವುದರಿಂದ ಅದರ ಬದಲು ಜೋಪಾನದ ಸೂಚನೆ ಇರಲಿ.

ಅಳತೆ, ಉತ್ತರಗಳು ದೊರೆತ ಬಳಿಕ ಬರಹ ಹೀಗಾಗುತ್ತದೆ: “ಕೇದಗೆ ಓಲೆಯ ಚಾಪೆ. ಕೈಯಿಂದ ನೇಯ್ದದ್ದು. ಉದ್ದ 5½ ಅಡಿ, ಅಗಲ 3 ಅಡಿ. ಮುಳ್ಳು ತೆಗೆದ ಓಲೆಯನ್ನು ಬೇಯಿಸಿ, ಒಣಗಿಸಿ ಬಳಸಲಾಗಿದೆ. ನೇಯ್ದವರು ಈ ಕಸುಬನ್ನು ತಾಯಿಯಿಂದ ಕಲಿತರು. ತೇವ ತಗಲದಂತೆ ಇಡಿ.” ಪ್ರಕಟಿಸುವ ಮುನ್ನ ಇದನ್ನು ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆಯಬೇಕು.