ಬೆಲ್ಲವನ್ನು ಕೊಳ್ಳುವವರ ವಿಂಗಡಣೆ

ಆಲೆಮನೆಯಿಂದ ಹೊರಟ ಬೆಲ್ಲವನ್ನೆಲ್ಲ ಒಂದೇ ರಾಶಿಯಾಗಿ ಮಂಡಿಗೆ ಸಾಗಿಸಿ, ಅಲ್ಲಿ ಕೂಗಿದ ಧಾರಣೆಗೆ ಒಪ್ಪಿಸಿ ಬರುವುದು ಹಲವರ ವಾಡಿಕೆ. ಕೊಳ್ಳುವವರೆಲ್ಲರ ಅಗತ್ಯವೂ ಒಂದೇ ಎಂಬುದು ಈ ವಾಡಿಕೆಯ ಆಧಾರ. ವಾಸ್ತವವು ಹಾಗಿಲ್ಲ. ಆದಕಾರಣ ಕೊಳ್ಳುವವರನ್ನು ಮೊದಲು ಗುಂಪುಗಳಾಗಿ ವಿಂಗಡಿಸತಕ್ಕದ್ದು. ಅವುಗಳಲ್ಲಿ ತನಗೆ ಸಾಧ್ಯವಾದುದನ್ನು ಗುರಿಯಾಗಿ ಆರಿಸತಕ್ಕದ್ದು. ಅನಂತರ ಆ ಗುಂಪಿನವರ ಮನಸ್ಸಿನಲ್ಲಿ ಸರಕಿಗೆ ಒಂದು ಸ್ಥಾನವನ್ನು ದೊರಕಿಸತಕ್ಕದ್ದು. ವಿಂಗಡಣೆಯ ವಿಚಾರವನ್ನು ಅಮೆರಿಕದ ವೆಂಡೆಲ್ ಸ್ಮಿತ್ ಎಂಬುವರು 1956ರಲ್ಲಿ ಒಂದು ಲೇಖನದಲ್ಲಿ ವಿವರಿಸಿದರು.

ವಿಂಗಡಣೆಗೆ ಆಧಾರಗಳು ನಾಲ್ಕು: ಪ್ರದೇಶ, ಜನಸ್ಥಿತಿ, ಮನೋಧರ್ಮ, ಕೊಳ್ಳುವ ನಡತೆ. ಉತ್ತರದ ಜಿಲ್ಲೆಗಳಲ್ಲಿ ಪೆಂಟಿ ಬೆಲ್ಲವನ್ನೂ ಮಂಡ್ಯದ ಕಡೆ ಅಚ್ಚುಬೆಲ್ಲವನ್ನೂ ಕೇಳುವುದು ಪ್ರದೇಶದಿಂದಾದ ಭೇದ. ಇಬ್ಬರೇ ಇರುವ ಸಂಸಾರವು ಅರ್ಧ ಕಿಲೋ ಪೊಟ್ಟಣವನ್ನು ಬಯಸಿದರೆ ಅದು ಜನಸ್ಥಿತಿಯದು. ಇವೆರಡು ಸುಲಭ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಎಡವುವುದು ಮುಂದಿನ ಎರಡರಲ್ಲಿ.

ಪ್ರಶ್ನೆ: ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆಂದು ಗಟ್ಟಿಯಾದ ಅಚ್ಚನ್ನು ಕೊಳ್ಳುವವರು ಯಾವ ಆಧಾರದ ಗುಂಪು? ಮತಾಚಾರವೆಂದು ನೋಡಿ ಜನಸ್ಥಿತಿ ಎಂದು ಉತ್ತರಿಸುವವರುಂಟು. ಆದರೆ ಅದೇ ಮನೆಯವರು ಇತರ ತಿಂಗಳುಗಳಲ್ಲಿ ಬೇರೆ ಬೆಲ್ಲವನ್ನು ಕೊಳ್ಳುತ್ತಾರೆ. ಜನರು ಬದಲಾಗಲಿಲ್ಲ, ಸಂದರ್ಭ ಬದಲಾಯಿತು. ಆದ್ದರಿಂದ ಇದು ನಡತೆ. ಇನ್ನೊಂದು: ಹೈಡ್ರೋಸ್ ಹಾಕದ ಕಪ್ಪು ಬೆಲ್ಲವನ್ನು ಹೆಚ್ಚು ಬೆಲೆಗೆ ಕೊಳ್ಳುವವರು? ವರಮಾನವೆನ್ನಲು ಮನಸ್ಸಾಗುತ್ತದೆ. ಸಮಾನ ವರಮಾನದ ನೆರೆಯವನು ಹಳದಿ ಬೆಲ್ಲವನ್ನೇ ಬಯಸಿದರೆ, ಭೇದಕ್ಕೆ ಕಾರಣ ಹಣವಲ್ಲ, ಮನೋಧರ್ಮ.

ಒಬ್ಬ ರೈತನಲ್ಲಿ ಇಂತಹ ಕಪ್ಪು ಬೆಲ್ಲವು 10 ಕ್ವಿಂಟಾಲ್ ಇದೆಯೆಂದು ಇಟ್ಟುಕೊಳ್ಳೋಣ. ತಿಳಿ ಬಣ್ಣವನ್ನೇ ಕೇಳುವ ಮಿಠಾಯಿ ಅಂಗಡಿಯವನು ಇದನ್ನು ಒಲ್ಲನು. ಸಂಕ್ರಾಂತಿಯ ವ್ಯಾಪಾರವು ಕೆಲವೇ ದಿನಗಳದು. ಸಮೀಪದ ಪಟ್ಟಣದಲ್ಲಿ ಕಪ್ಪು ಬೆಲ್ಲ ಬಯಸುವ 200 ಮನೆಗಳಿದ್ದು, ತಿಂಗಳಿಗೆ ತಲಾ 2 ಕಿಲೋ ಕೊಂಡರೆ 4 ಕ್ವಿಂಟಾಲ್ ಖರ್ಚಾಗುತ್ತದೆ. ಸರಕು ಎರಡೂವರೆ ತಿಂಗಳಲ್ಲಿ ಮುಗಿಯುವುದು. ಮನೆಗಳು 20 ಮಾತ್ರವಿದ್ದರೆ ತಿಂಗಳಿಗೆ 40 ಕಿಲೋ. ಲಾಭವನ್ನು ಗಾಡಿಯ ಬಾಡಿಗೆಯೇ ನುಂಗೀತು. ಮಳೆಗಾಲದಲ್ಲಿ ಬೆಲ್ಲವು ನೀರೊಡೆಯುವುದರಿಂದ, ಮಾರಾಟವನ್ನು ಅದಕ್ಕೆ ಮುಂಚೆ ಮುಗಿಸುವ ಲೆಕ್ಕವೂ ಇರತಕ್ಕದ್ದು.

ಇನ್ನು ಸ್ಥಾನ. "ಹೈಡ್ರೋಸ್ ಸೇರದ, ನಿತ್ಯದ ಅಡಿಗೆಯ ಬೆಲ್ಲ" ಎಂಬ ಒಂದೇ ಮಾತು ಸಾಕು. ಬಣ್ಣವನ್ನೇ ಸಾಕ್ಷಿಯಾಗಿ ತೋರಿಸಬಾರದು. ಯಾತಕ್ಕೆಂದರೆ, ಕೊಪ್ಪರಿಗೆಯಲ್ಲಿ ಪಾಕ ಸೀದರೂ ಬೆಲ್ಲ ಕಪ್ಪಾಗುತ್ತದೆ. ಅದರ ಕಹಿಯನ್ನು ಮನೆಯಾಕೆ ಮೊದಲ ದಿನವೇ ಗುರುತಿಸುವಳು. ಅದೇ ರೈತನು ಅದೇ ಹೆಸರಿನ ಚೀಲದಲ್ಲಿ ಹೈಡ್ರೋಸ್ ಹಾಕಿದ ಹಳದಿ ಬೆಲ್ಲವನ್ನೂ ಮಾರಿದನೆಂದರೆ, 200 ಮನೆಗಳೂ ಮರುತಿಂಗಳು ಬೇರೆ ಅಂಗಡಿಯನ್ನು ಹುಡುಕುವುವು.