ಫೋನ್ ಅಡುಗೆಮನೆಯಲ್ಲಿರಲಿ
ಸೋಮವಾರಪೇಟೆಯ ದ್ವಿತೀಯ ಪಿಯು ವಿದ್ಯಾರ್ಥಿನಿಗೆ,

ಓದುವಾಗ ಫೋನ್ ಬಿಡಲಾಗುತ್ತಿಲ್ಲ, ಮನಸ್ಸು ಗಟ್ಟಿಯಿಲ್ಲವೆಂದು ನಿಮ್ಮನ್ನೇ ಹಳಿದುಕೊಳ್ಳಬೇಡಿ. ಕಾರಣ ನಿಮ್ಮ ಪತ್ರದಲ್ಲೇ ಇದೆ: ಮಳೆಗೆ ಕರೆಂಟ್ ಹೋದರೆ ಟಾರ್ಚಿಗೆ, ಗಂಟೆ ನೋಡಲು, ನೋಟ್ಸಿಗೆ, ಎಲ್ಲಕ್ಕೂ ಫೋನೇ ಬೇಕು. ಹಾಗೆ ಎತ್ತಿಕೊಂಡಾಗಲೇ ವಾಟ್ಸ್‌ಆ್ಯಪ್‌ಗೆ ಕೈ ಹೋಗುತ್ತದೆ.

ಮೊದಲು ಆ ನೆಪಗಳನ್ನು ತೆಗೆಯಿರಿ. ಮೇಜಿನ ಮೇಲೆ ಗಡಿಯಾರ, ಚಾರ್ಜ್ ಆದ ಎಮರ್ಜೆನ್ಸಿ ಲೈಟ್ ಇಡಿ. ಗ್ರೂಪಿಗೆ ಬರುವ ನೋಟ್ಸನ್ನು ಪೇಟೆಗೆ ಹೋದಾಗ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. ಓದಲು ಕೂರುವ ಮುನ್ನ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ; ಕರೆಯ ಸದ್ದು ಮಾತ್ರ ಇರಲಿ, ತುರ್ತಾದರೆ ಅಮ್ಮ ಕೂಗುತ್ತಾರೆ. ಮೇಜಿನ ಮೇಲೆ ಮಗುಚಿಟ್ಟರೆ ಸಾಲದು, ಕೈಗೆಟುಕುವಷ್ಟು ಹತ್ತಿರವಿದ್ದರೆ ಕೈ ಚಾಚುತ್ತದೆ.

ಡೌಟ್ ಬಂದರೆ ಹಾಳೆಯಲ್ಲಿ ಬರೆದಿಡಿ. ಮುಕ್ಕಾಲು ಗಂಟೆಯ ನಂತರ ಎದ್ದು ಹೋಗಿ, ಅಲ್ಲೇ ನಿಂತು ನೋಡಿ. ಫೋನ್ ಮತ್ತೆ ಕೋಣೆಗೆ ಬಂದರೆ, ಯಾವ ಕೆಲಸದ ನೆಪದಲ್ಲಿ ಬಂತೆಂದು ಗುರುತಿಸಿ, ಆ ಕೆಲಸಕ್ಕೂ ಬೇರೊಂದು ವಸ್ತು ಹುಡುಕಿ.